ಆದದ್ದು ಮತ್ತು ಮಾಡಿದ್ದು: ಜಪಾನಿ ಭಾಷೆಯ ಜೋಡಿ ಕ್ರಿಯಾಪದಗಳು

(ಜಪಾನಿ ಭಾಷೆಯ ವಿದ್ಯಾರ್ಥಿಗಳಿಗಾಗಿ ನೀಡಿದ ಉಪನ್ಯಾಸದ ಬರಹ ರೂಪ)

ಜಪಾನಿನ ರೈಲು ನಿಲ್ದಾಣಗಳಲ್ಲಿ ಗಾಡಿ ಹೊರಡುವ ಮುನ್ನ ಒಂದು ಪ್ರಕಟಣೆ ಕೇಳಿಬರುತ್ತದೆ: 'ದೊಆ ಗ ಶಿಮರಿಮಸು.' ಬಾಗಿಲು ಮುಚ್ಚಿಕೊಳ್ಳುತ್ತದೆ ಎಂದು ಇದರ ಅರ್ಥ. ಎಷ್ಟೋ ಗಾಡಿಗಳಲ್ಲಿ ಈ ಮಾತನ್ನು ಆಡುವವರು, ಗುಂಡಿಯೊತ್ತಿ ಬಾಗಿಲು ಮುಚ್ಚುವ ಕಂಡಕ್ಟರೇ. ಅವರು 'ದೊಆ ಒ ಶಿಮೆಮಸು', ಅಂದರೆ 'ಬಾಗಿಲನ್ನು ಮುಚ್ಚುತ್ತೇನೆ' ಎಂದೂ ಹೇಳಬಹುದು; ಹಾಗೆ ಹೇಳುವವರೂ ಇದ್ದಾರೆ. ಎರಡೂ ವ್ಯಾಕರಣಶುದ್ಧ ವಾಕ್ಯಗಳು, ಎರಡೂ ಸತ್ಯ. ಮೊದಲನೆಯದು ಬಾಗಿಲಿಗೆ ಏನಾಗುತ್ತದೆ ಎಂಬುದನ್ನು ಮಾತ್ರ ತಿಳಿಸುತ್ತದೆ. ಎರಡನೆಯದು ಅದನ್ನು ಯಾರೋ ಮಾಡುತ್ತಿದ್ದಾರೆ ಎಂಬುದನ್ನೂ ಮುಂದಿಡುತ್ತದೆ. ಇಂಥ ಎರಡು ಸರಿಯಾದ ವಾಕ್ಯಗಳಲ್ಲಿ ಜಪಾನಿಯರು ಯಾವುದನ್ನು ಯಾವಾಗ ಆಯ್ದುಕೊಳ್ಳುತ್ತಾರೆ ಎಂಬುದೇ ಇಂದಿನ ವಿಷಯ. ರೂಪಗಳ ಪಟ್ಟಿ ಪಠ್ಯಪುಸ್ತಕದಲ್ಲಿ ಸಿಗುತ್ತದೆ, ಆಯ್ಕೆಯ ವಿವೇಚನೆ ಅಲ್ಲಿ ಅಷ್ಟಾಗಿ ಸಿಗುವುದಿಲ್ಲ.

ಹಾಗಿದ್ದರೂ ರೂಪಗಳ ಬಗ್ಗೆ ಸ್ವಲ್ಪ ಹೇಳದೆ ಮುಂದೆ ಹೋಗುವಂತಿಲ್ಲ. ನಾವು ಅಕರ್ಮಕ ಎನ್ನುವುದನ್ನು ಜಪಾನಿಯರು 'ಜಿದೋಶಿ' ಎನ್ನುತ್ತಾರೆ, ಸಕರ್ಮಕವನ್ನು 'ತದೋಶಿ' ಎನ್ನುತ್ತಾರೆ. ಕನ್ನಡದಲ್ಲಿ ಒಂದರಿಂದ ಇನ್ನೊಂದನ್ನು ಪಡೆಯುವ ದಾರಿ ಬಹುಮಟ್ಟಿಗೆ ನೇರವಾಗಿದೆ: ಉಳಿ-ಉಳಿಸು, ಮುಗಿ-ಮುಗಿಸು, ಕುದಿ-ಕುದಿಸು. ಕೆಲವು ಧಾತುಗಳಲ್ಲಿ ಅಷ್ಟೂ ಬೇಡ. 'ಗಾಜು ಒಡೆಯಿತು', 'ಗಾಜನ್ನು ಒಡೆದನು' ಎಂಬಲ್ಲಿ ಧಾತು ಒಂದೇ. ಜಪಾನಿ ಭಾಷೆಯಲ್ಲಿ ಮಾತ್ರ ದಿನಬಳಕೆಯ ನೂರಾರು ಕ್ರಿಯಾಪದಗಳು ಎರಡೆರಡಾಗಿ ನಿಂತಿವೆ, ಮತ್ತು ಯಾವುದರಿಂದ ಯಾವುದು ಹುಟ್ಟಿತು ಎಂದು ಹೇಳಲು ಒಂದೇ ಸೂತ್ರವಿಲ್ಲ. ಬಾಗಿಲು ತೆರೆದುಕೊಳ್ಳುವುದು 'ಅಕು', ತೆರೆಯುವುದು 'ಅಕೆರು'. ಲೋಟ ಒಡೆಯುವುದು 'ವರೆರು', ಲೋಟವನ್ನು ಒಡೆಯುವುದು 'ವರು'. ಮೊದಲ ಜೋಡಿಯಲ್ಲಿ 'ಎರು' ಸೇರಿದ ರೂಪ ಸಕರ್ಮಕವಾದರೆ ಎರಡನೆಯದರಲ್ಲಿ ಅದೇ 'ಎರು' ಅಕರ್ಮಕದ ಗುರುತು. ಹೊಸದಾಗಿ ಕಲಿಯುವವರು ಎಡವುವುದು ಸಾಮಾನ್ಯವಾಗಿ ಇಲ್ಲಿಯೇ.

ಇದರಲ್ಲಿ ಎರಡು ಹಿಡಿಕೆಗಳನ್ನು ನಂಬಬಹುದು. ಜೋಡಿಯ ಒಂದು ರೂಪ 'ಸು' ಎಂದು ಮುಗಿದರೆ ಅದು ಸಕರ್ಮಕ: ಬೀಳುವುದು 'ಒಚಿರು', ಬೀಳಿಸುವುದು 'ಒತೊಸು', ಉಳಿಯುವುದು 'ನೊಕೊರು', ಉಳಿಸುವುದು 'ನೊಕೊಸು'. ಕನ್ನಡದ 'ಇಸು' ಪ್ರತ್ಯಯ ಇಲ್ಲಿ ಯಾರಿಗಾದರೂ ನೆನಪಾಗುತ್ತದೆ. ಜಪಾನಿ ಭಾಷೆಗೂ ತಮಿಳಿಗೂ ನಂಟಿದೆ ಎಂದು ವಾದಿಸಿದ ಓನೊ ಸುಸುಮು ಎಂಬ ವಿದ್ವಾಂಸರೂ ಇದ್ದರು, ಆದರೆ ಆ ವಾದವನ್ನು ಭಾಷಾಶಾಸ್ತ್ರಜ್ಞರಲ್ಲಿ ಹೆಚ್ಚಿನವರು ಒಪ್ಪಿಲ್ಲ. ಹಾಗಾಗಿ ಈ ಹೋಲಿಕೆಯನ್ನು ನೆನಪಿಗೆ ನೆರವಾಗುವ ಆಕಸ್ಮಿಕವೆಂದು ಇಟ್ಟುಕೊಂಡರೆ ಸಾಕು. ಎರಡನೆಯ ಹಿಡಿಕೆ ಇದು: ಒಂದು ರೂಪ 'ಅರು' ಎಂದೂ ಇನ್ನೊಂದು 'ಎರು' ಎಂದೂ ಮುಗಿದರೆ 'ಅರು' ಎನ್ನುವುದು ಅಕರ್ಮಕ. 'ಶಿಮರು-ಶಿಮೆರು' ಹಾಗಿದೆ, ಶುರುವಾಗುವುದು 'ಹಜಿಮರು', ಶುರುಮಾಡುವುದು 'ಹಜಿಮೆರು'. ಇದಕ್ಕೆ ಕೆಲವೇ ಅಪವಾದಗಳಿವೆ. ಒಪ್ಪಿಸಿದ್ದನ್ನು ಕಾಪಾಡಲು ಪಡೆದುಕೊಳ್ಳುವುದು 'ಅಜುಕರು', ಒಪ್ಪಿಸುವುದು 'ಅಜುಕೆರು'. ಇವೆರಡೂ ಕರ್ಮಪದವನ್ನು ಬೇಡುತ್ತವೆ.

ಉಳಿದ 'ಎರು' ಗೊಂದಲಕ್ಕೆ ಸೂತ್ರವಿಲ್ಲದಿದ್ದರೂ ಒಂದು ಒಲವಂತೂ ಇದೆ. ಮುರಿಯುವುದು, ಕತ್ತರಿಸುವುದು, ಸುಡುವುದು ಮುಂತಾದವುಗಳಿಗೆ ಸಾಮಾನ್ಯವಾಗಿ ಹೊರಗಿನ ಬಲ ಬೇಕು. ಅಲ್ಲಿ ಚಿಕ್ಕ ರೂಪ ಸಕರ್ಮಕವಾಗಿದ್ದು, 'ಎರು' ಸೇರಿ ಅಕರ್ಮಕವಾಗುತ್ತದೆ: 'ಒರು-ಒರೆರು', 'ಕಿರು-ಕಿರೆರು', 'ಯಕು-ಯಕೆರು'. ನಿಲ್ಲುವುದು, ಸಾಲಾಗುವುದು, ಅಂಟುವುದು ಇಂಥವು ತಾವಾಗಿಯೇ ನಡೆಯಬಲ್ಲವು. ಅಲ್ಲಿ ಚಿಕ್ಕ ರೂಪ ಅಕರ್ಮಕವಾಗಿದ್ದು, 'ಎರು' ಸೇರಿದಾಗ ಮಾಡುವವನು ಬರುತ್ತಾನೆ: 'ತತ್ಸು-ತತೆರು', 'ನರಬು-ನರಬೆರು', 'ತ್ಸುಕು-ತ್ಸುಕೆರು'. ಅಂದರೆ ಆ ಘಟನೆಯಲ್ಲಿ ಯಾವುದು ಸಹಜವೋ ಅದಕ್ಕೆ ಚಿಕ್ಕ ಮಾತು, ಸಹಜವಲ್ಲದ್ದಕ್ಕೆ ಬೆಳೆಸಿದ ಮಾತು.

ಈ ಭೇದವನ್ನು ಜಪಾನಿಯರು ಪಾಶ್ಚಾತ್ಯ ವ್ಯಾಕರಣದಿಂದ ಕಲಿತದ್ದು ಎಂದು ತಿಳಿಯಬಾರದು. ಪ್ರಸಿದ್ಧ ವಿದ್ವಾಂಸ ಮೊತೊಒರಿ ನೊರಿನಗ ಅವರ ಮಗ ಹರುನಿವ (1763-1828) ತಮ್ಮ ಮೂವತ್ತರ ಹರೆಯದಲ್ಲಿ ದೃಷ್ಟಿ ಕಳೆದುಕೊಂಡರೂ ಕ್ರಿಯಾಪದಗಳ ಅಧ್ಯಯನವನ್ನು ಬಿಡಲಿಲ್ಲ. 'ಕೊತೊಬ ನೊ ಕಯೊಇಜಿ' ಎಂಬ ತಮ್ಮ ಕೃತಿಯಲ್ಲಿ ಅವರು ಕ್ರಿಯಾಪದಗಳನ್ನು ಆರು ಬಗೆಯಾಗಿ ವಿಂಗಡಿಸಿದರು. ಅದರಲ್ಲಿ ಗಮನಿಸಬೇಕಾದದ್ದು ಮೊದಲ ಬಗೆ: ತನ್ನಷ್ಟಕ್ಕೆ ಹಾಗಾಗುವುದು ಮತ್ತು ತಾನೇ ಹಾಗೆ ಮಾಡುವುದು, ಇವೆರಡನ್ನೂ ಅವರು ಒಂದೇ ಕಡೆ ಇಟ್ಟರು. ಹೂವು ಅರಳುವುದೂ ಮನುಷ್ಯ ನಡೆಯುವುದೂ ಒಂದು ಗುಂಪಿನವು. ಒಂದು ವಸ್ತುವನ್ನು ಹಿಡಿದು ಅದಕ್ಕೆ ಏನಾದರೂ ಮಾಡುವುದು ಇನ್ನೊಂದು ಗುಂಪಿನದು. ಇಚ್ಛೆ ಇದೆಯೇ ಇಲ್ಲವೇ ಎಂಬುದರ ಮೇಲೆ ಅವರು ಗೆರೆ ಎಳೆಯಲಿಲ್ಲ. ಮುಂದಿನ ಮಾತುಗಳಿಗೆ ಈ ಸಂಗತಿ ಆಧಾರವಾಗಲಿದೆ.

ವಾಕ್ಯದಲ್ಲಿ ಯಾವ ರೂಪವಿದೆ ಎಂಬುದು ನಾಮಪದದ ನಂತರ ಬರುವ ಅಕ್ಷರದಿಂದ ತಿಳಿಯುತ್ತದೆ. ಅಕರ್ಮಕವಾದರೆ ವಸ್ತುವಿನ ಹೆಸರಿಗೆ 'ಗ' ಸೇರುತ್ತದೆ, ಸಕರ್ಮಕವಾದರೆ 'ಒ'. ಒಂದು ಎಚ್ಚರಿಕೆ ಮಾತ್ರ ಅಗತ್ಯ: 'ಒ' ಕಂಡ ಕೂಡಲೇ ಅದು ದ್ವಿತೀಯಾ ವಿಭಕ್ತಿಯೆಂದು ತೀರ್ಮಾನಿಸಬಾರದು. 'ಸೊರ ಒ ತೊಬು' ಎಂದರೆ ಆಕಾಶದಲ್ಲಿ ಹಾರುವುದು, 'ಹೆಯ ಒ ದೆರು' ಎಂದರೆ ಕೋಣೆಯಿಂದ ಹೊರಬರುವುದು. ಅಲ್ಲಿ 'ಒ' ಹೇಳುತ್ತಿರುವುದು ಸಾಗುವ ದಾರಿಯನ್ನು ಅಥವಾ ಬಿಟ್ಟುಬರುವ ಜಾಗವನ್ನು. ಆಕಾಶಕ್ಕೂ ಕೋಣೆಗೂ ಯಾರೂ ಏನನ್ನೂ ಮಾಡುತ್ತಿಲ್ಲ.

ಈಗ ಆಯ್ಕೆಯ ವಿಷಯಕ್ಕೆ ಬರೋಣ. ನೀವು ಜಪಾನಿನಲ್ಲಿ ಒಬ್ಬರ ಮನೆಗೆ ಊಟಕ್ಕೆ ಹೋಗಿದ್ದೀರಿ ಎಂದಿಟ್ಟುಕೊಳ್ಳಿ. ಊಟದ ನಂತರ ಪಾತ್ರೆ ತೊಳೆಯಲು ಕೈಜೋಡಿಸಿದಾಗ ಗಾಜಿನ ಲೋಟವೊಂದು ನಿಮ್ಮ ಕೈಯಿಂದ ಜಾರಿ ಒಡೆಯುತ್ತದೆ. ಮನೆಯಾಕೆ ಪಕ್ಕದ ಕೋಣೆಯಲ್ಲಿದ್ದಾರೆ. ಅವರಿಗೆ ಏನೆಂದು ಹೇಳುತ್ತೀರಿ?

ಕನ್ನಡದಲ್ಲಾದರೆ ನಾವು ಸಹಜವಾಗಿ 'ಲೋಟ ಕೈಜಾರಿ ಒಡೆದುಹೋಯಿತು' ಎನ್ನುತ್ತೇವೆ. ಮುಖದಲ್ಲಿ ಸಂಕೋಚವಿರುತ್ತದೆ, ದನಿಯಲ್ಲಿ ಕ್ಷಮೆಯಿರುತ್ತದೆ, ವಾಕ್ಯ ಮಾತ್ರ ಅಕರ್ಮಕ. ಇದರಲ್ಲಿ ನುಣುಚಿಕೊಳ್ಳುವ ಉದ್ದೇಶವಿದೆ ಎಂದು ಕನ್ನಡದ ಮನೆಗಳಲ್ಲಿ ಸಾಮಾನ್ಯವಾಗಿ ಯಾರೂ ಭಾವಿಸುವುದಿಲ್ಲ. ಇದನ್ನೇ ಜಪಾನಿಗೆ ತಂದು 'ಕೊಪ್ಪು ಗ ವರೆಮಶಿತ' ಎಂದರೆ ವ್ಯಾಕರಣ ತಪ್ಪುವುದಿಲ್ಲ, ಆದರೆ ಕೇಳುವವರ ಕಿವಿಗೆ ಅದು ಬೇರೆ ರೀತಿಯಲ್ಲಿ ತಲುಪುತ್ತದೆ. ಒಡೆದದ್ದು ಅತಿಥಿಯ ಕೈಯಲ್ಲೇ ಎಂದು ಇಬ್ಬರಿಗೂ ಗೊತ್ತಿರುವಾಗ, ತನ್ನನ್ನು ಬಿಟ್ಟು ಲೋಟದ ಸುದ್ದಿಯನ್ನಷ್ಟೇ ವರದಿ ಮಾಡಿದಂತೆ ಅದು ತೋರುತ್ತದೆ. ಹಾಗಾದರೆ ಸಕರ್ಮಕ ಬಳಸಿ 'ಕೊಪ್ಪು ಒ ವರಿಮಶಿತ' ಎಂದರೆ? ಈಗ ಮಾಡಿದವನು ಬಂದ, ಆದರೆ ವಾಕ್ಯ ಬೋಳಾಗಿದೆ. ಬೇಕೆಂದೇ ಒಡೆದು ಅದನ್ನು ಹೇಳುತ್ತಿರುವಂತೆಯೂ ಕೇಳಿಸಬಹುದು. ಇಲ್ಲಿ ಸಲ್ಲುವ ಮಾತು 'ಸುಮಿಮಸೆನ್, ಕೊಪ್ಪು ಒ ವತ್ತೆ ಶಿಮೈಮಶಿತ'. ಕ್ರಿಯಾಪದ ಸಕರ್ಮಕವಾಗಿಯೇ ಇದೆ, ಹೊಣೆ ನನ್ನದು ಎಂದು ಅದು ಒಪ್ಪಿಕೊಳ್ಳುತ್ತದೆ. ಅದರ ಬೆನ್ನಿಗೆ ಬಂದ 'ಶಿಮೌ' ಎಂಬ ಸಹಾಯಕ ಕ್ರಿಯಾಪದ, ಆಗಬಾರದ್ದು ಆಗಿಹೋಯಿತು ಎಂಬ ವಿಷಾದವನ್ನು ಸೇರಿಸುತ್ತದೆ. ಕನ್ನಡದ 'ಒಡೆದುಬಿಟ್ಟೆ' ಎಂಬುದು ಇದಕ್ಕೆ ತುಂಬ ಹತ್ತಿರದ್ದು.

'ಶಿಮೌ' ಅಕರ್ಮಕದ ಜೊತೆಗೂ ಬರುತ್ತದೆ. 'ಕೊಪ್ಪು ಗ ವರೆತೆ ಶಿಮೈಮಶಿತ' ಎಂಬುದು ನಮ್ಮ 'ಒಡೆದುಹೋಯಿತು'. ಭೂಕಂಪದಲ್ಲಿ ಕಪಾಟಿನಿಂದ ಬಿದ್ದ ಲೋಟಕ್ಕೂ, ಬಿಸಿನೀರು ಹೊಯ್ದಾಗ ಸೀಳುಬಿಟ್ಟ ಲೋಟಕ್ಕೂ ಇದು ಸರಿಹೊಂದುತ್ತದೆ. ಅಂಚೆಯಲ್ಲಿ ಬಂದ ಪೆಟ್ಟಿಗೆ ತೆರೆದಾಗ ಲೋಟ ಒಡೆದ ಸ್ಥಿತಿಯಲ್ಲಿದ್ದರೆ ಅಂಗಡಿಗೆ ದೂರು ಹೇಳುವಾಗ 'ಕೊಪ್ಪು ಗ ವರೆತೆ ಇಮಸು' ಎಂದರೆ ಸಾಕು; ಯಾರು, ಯಾವಾಗ ಎಂಬುದು ನಿಮಗೆ ತಿಳಿದಿಲ್ಲ, ತಿಳಿಯಬೇಕಾಗಿಯೂ ಇಲ್ಲ. ಇನ್ನು ನಿಮ್ಮ ಆತಿಥೇಯರ ಕಡೆಯಿಂದ ನೋಡಿ. ಸದ್ದು ಕೇಳಿ ಬಂದ ಆಕೆ 'ವರೆಚತ್ತ?' ಎಂದು ಕೇಳಿದರೆ ಅದು 'ಒಡೆದುಹೋಯಿತಾ?' ಎಂಬ ಅಕರ್ಮಕ ಪ್ರಶ್ನೆ. ಅವರ ಬಾಯಲ್ಲಿ ಅದೇ ಅಕರ್ಮಕ ಸೌಜನ್ಯವಾಗುತ್ತದೆ, ಏಕೆಂದರೆ ಅದು ಅತಿಥಿಯ ತಪ್ಪನ್ನು ಎತ್ತಿ ತೋರಿಸುವುದಿಲ್ಲ. ನನ್ನ ತಪ್ಪನ್ನು ನಾನು ಸಕರ್ಮಕದಲ್ಲಿ ಹೇಳಬೇಕು, ನಿಮ್ಮ ತಪ್ಪನ್ನು ನಾನು ಅಕರ್ಮಕದಲ್ಲಿ ಕೇಳಬೇಕು.

ಉಪಕಾರದ ವಿಷಯದಲ್ಲಿ ಇದೇ ಮರ್ಯಾದೆ ದಿಕ್ಕು ಬದಲಿಸುತ್ತದೆ. ಕಚೇರಿಯಲ್ಲಿ ಅಥವಾ ಮನೆಯಲ್ಲಿ ಚಹಾ ತಯಾರಿಸಿ ತಂದವರು 'ಒಚ ಗ ಹೈರಿಮಶಿತ' ಎನ್ನುತ್ತಾರೆ. 'ಹೈರು' ಎಂದರೆ ಒಳಸೇರುವುದು; ಚಹಾ ಸಿದ್ಧವಾಯಿತು ಎಂಬ ಅರ್ಥದಲ್ಲಿ ಅದು ಇಲ್ಲಿ ಬಂದಿದೆ. ಚಹಾ ತಾನಾಗಿ ಸಿದ್ಧವಾಗುವುದಿಲ್ಲ, ಎಲೆ ಹಾಕಿ ನೀರು ಹೊಯ್ದವರು ಅವರೇ. ಆದರೂ 'ಒಚ ಒ ಇರೆಮಶಿತ', ಅಂದರೆ 'ಚಹಾ ಮಾಡಿದೆ' ಎಂದರೆ ತನ್ನ ಶ್ರಮವನ್ನು ಎದುರಿನವರ ಮುಂದಿಟ್ಟಂತಾಗುತ್ತದೆ. ಸ್ನಾನದ ತೊಟ್ಟಿಯ ನೀರು ಕಾಯಿಸಿದವರೂ 'ಒಫುರೊ ಗ ವಕಿಮಶಿತ', ನೀರು ಕಾದಿದೆ ಎಂದೇ ಕರೆಯುತ್ತಾರೆ. ಮದುವೆಯ ಸುದ್ದಿ ತಿಳಿಸುವ ಹುಡುಗ ಹುಡುಗಿಯರು ತಾವಿಬ್ಬರೇ ಸೇರಿ ತೀರ್ಮಾನಿಸಿದ್ದರೂ ಹಿರಿಯರ ಮುಂದೆ 'ಕೆಕ್ಕೊನ್ ಸುರು ಕೊತೊ ನಿ ನರಿಮಶಿತ' ಎನ್ನುವುದು ವಾಡಿಕೆ: ಮದುವೆಯಾಗುವುದೆಂದು ಆಯಿತು. ಇಲ್ಲಿನ 'ನರು' ನಮ್ಮ 'ಆಗು'ವಿಗೆ ಸಮ, ಅದರ ಎದುರಿನ 'ಸುರು' ನಮ್ಮ 'ಮಾಡು'ವಿಗೆ ಸಮ. 1981ರಲ್ಲಿ ಇಕೆಗಮಿ ಯೊಶಿಹಿಕೊ ಈ ಎರಡು ಪದಗಳನ್ನೇ ಶೀರ್ಷಿಕೆಯಲ್ಲಿಟ್ಟು ಒಂದು ಗ್ರಂಥ ಬರೆದು, ಇಂಗ್ಲಿಷನ್ನು 'ಮಾಡು' ಬಗೆಯ ಭಾಷೆಯೆಂದೂ ಜಪಾನಿಯನ್ನು 'ಆಗು' ಬಗೆಯ ಭಾಷೆಯೆಂದೂ ಹೋಲಿಸಿದರು. ಆ ಹೋಲಿಕೆಯಲ್ಲಿ ಹುರುಳಿದೆ. ಆದರೆ ಅದನ್ನು ಹಿಡಿದು 'ಜಪಾನಿಯರು ಎಲ್ಲವನ್ನೂ ತಾನಾಗಿ ಆದದ್ದೆಂದು ಹೇಳುತ್ತಾರೆ' ಎಂಬಲ್ಲಿಗೆ ಹೋಗುವುದು ನನಗೆ ಅತಿಯಾಗಿ ಕಾಣುತ್ತದೆ. ಏಕೆಂದರೆ, ಯಾರೂ ಏನನ್ನೂ ಮಾಡದಿರುವಲ್ಲಿಯೂ ಅವರು ಸಕರ್ಮಕವನ್ನು ಬಳಸುವುದುಂಟು.

'ಸೈಫು ಒ ಒತೊಶಿತ' ಎಂಬುದನ್ನು ನೋಡಿ. ಇದರ ಪದಶಃ ಅರ್ಥ 'ಪರ್ಸನ್ನು ಬೀಳಿಸಿದೆ', ಹೇಳುವ ಅರ್ಥ 'ದಾರಿಯಲ್ಲೆಲ್ಲೋ ಪರ್ಸು ಬಿದ್ದುಹೋಯಿತು, ಕಳೆದುಕೊಂಡೆ'. ಬಿದ್ದದ್ದು ಗೊತ್ತೇ ಇಲ್ಲದವನು ಬೀಳಿಸಿದೆ ಎನ್ನುತ್ತಾನೆ. 'ಅಶಿ ಒ ಒತ್ತ' ಎಂದರೆ ಕಾಲು ಮುರಿದುಕೊಂಡೆ. ಮುರಿಯುವ ಇಚ್ಛೆ ಯಾರಿಗಿರುತ್ತದೆ? 'ಒನಕ ಒ ಕೊವಶಿತ' ಎಂದರೆ ಹೊಟ್ಟೆ ಕೆಡಿಸಿಕೊಂಡೆ. ಇನ್ನೂ ಮುಂದೆ ಹೋದರೆ, ಯುದ್ಧಕಾಲದ ಬಾಂಬ್ ದಾಳಿಯಲ್ಲಿ ಮನೆ ಸುಟ್ಟುಹೋದವರು 'ಕೂಶೂ ದೆ ಇಎ ಒ ಯೈತ' ಎನ್ನಬಲ್ಲರು. ಇದನ್ನು ಪದಕ್ಕೆ ಪದವಿಟ್ಟರೆ 'ವಾಯುದಾಳಿಯಲ್ಲಿ ಮನೆಯನ್ನು ಸುಟ್ಟೆವು' ಎಂದಾಗುತ್ತದೆ. ಬೆಂಕಿಯಿಟ್ಟವರು ಅವರಲ್ಲ, ಬಾಂಬ್ ಹಾಕಿದವರೂ ಅವರಲ್ಲ, ತಡೆಯುವ ಶಕ್ತಿಯೂ ಅವರಿಗಿರಲಿಲ್ಲ. ಇಂಗ್ಲಿಷಿನ ಮೂಲಕ ಜಪಾನಿ ಕಲಿಯುವವರಿಗೆ ಈ ವಾಕ್ಯ ವಿಚಿತ್ರವಾಗಿ ಕಾಣುತ್ತದೆ. ಕನ್ನಡಿಗರಿಗೆ ಹಾಗೆ ಕಾಣಬೇಕಿಲ್ಲ. 'ಕೈ ಸುಟ್ಟುಕೊಂಡೆ', 'ಕಾಲು ಮುರಿದುಕೊಂಡೆ', 'ಪರ್ಸು ಕಳೆದುಕೊಂಡೆ' ಎಂಬಲ್ಲಿ ನಾವೂ ಸಕರ್ಮಕ ಧಾತುವನ್ನೇ ಇಟ್ಟು, 'ಕೊಳ್ಳು' ಸೇರಿಸಿ, ಪರಿಣಾಮ ನಮ್ಮ ಮೇಲೆಯೇ ಬಂತು ಎನ್ನುತ್ತೇವೆ. ಜಪಾನಿ ಭಾಷೆಯಲ್ಲಿ ಆ 'ಕೊಳ್ಳು'ವಿನ ಕೆಲಸಕ್ಕೆ ಬೇರೆ ಪದವಿಲ್ಲ. ಬರಿಯ ಸಕರ್ಮಕವೇ ಅದನ್ನೂ ಹೊತ್ತಿದೆ.

ಇದಕ್ಕೊಂದು ಕಟ್ಟುನಿಟ್ಟಾದ ಮಿತಿಯಿದೆ. ಹಾನಿಗೊಂಡದ್ದು ಹೇಳುವವರ ದೇಹದ ಭಾಗವಾಗಿರಬೇಕು, ಅವರ ಸೊತ್ತಾಗಿರಬೇಕು, ಅಥವಾ ಅವರ ಪೋಷಣೆಯಲ್ಲಿರಬೇಕು. ತನ್ನ ಮನೆ ಸುಟ್ಟಿತೆಂದು ಹೇಳಲು 'ಇಎ ಒ ಯೈತ' ಎನ್ನಬಹುದು. 'ತೊನರಿ ನೊ ಇಎ ಒ ಯೈತ', ಅಂದರೆ ಪಕ್ಕದವರ ಮನೆಯನ್ನು ಸುಟ್ಟೆ ಎಂದರೆ ಅದು ತಪ್ಪೊಪ್ಪಿಗೆಯಾಗುತ್ತದೆ, ಪೊಲೀಸರು ಬರುತ್ತಾರೆ. ನೆರೆಮನೆಯ ವಿಷಯದಲ್ಲಿ 'ಇಎ ಗ ಯಕೆತ' ಎಂಬ ಅಕರ್ಮಕವೇ ದಾರಿ. ಹೀಗೆ ನೋಡಿದಾಗ ಜಪಾನಿ ಸಕರ್ಮಕ ಕೇಳುವ ಪ್ರಶ್ನೆ 'ಬೇಕೆಂದು ಮಾಡಿದಿರಾ?' ಎಂಬುದಲ್ಲ, 'ಇದು ಯಾರ ಪಾಲಿಗೆ ಸೇರಿದ ಘಟನೆ?' ಎಂಬುದು. ಲೋಟದ ಪ್ರಸಂಗದಲ್ಲಿ ಅತಿಥಿ ಸಕರ್ಮಕವನ್ನು ಆಯ್ದದ್ದೂ ಇದೇ ಕಾರಣಕ್ಕೆ. ಅವನಿಗೂ ಒಡೆಯುವ ಇಚ್ಛೆ ಇರಲಿಲ್ಲ. ಹರುನಿವ ಇಚ್ಛೆಯನ್ನು ಗೆರೆಯಾಗಿ ಬಳಸದೆ ಹೋದದ್ದು ಈ ಭಾಷೆಗೆ ಹೊಂದುವ ತೀರ್ಮಾನವೇ ಆಗಿತ್ತು.

ಸ್ಥಿತಿಯನ್ನು ಹೇಳುವಾಗ ಆಯ್ಕೆ ಇನ್ನೂ ಸೂಕ್ಷ್ಮವಾಗುತ್ತದೆ. ಕಿಟಕಿ ತೆರೆದಿರುವುದನ್ನು ಕಂಡು 'ಮದೊ ಗ ಐತೆ ಇರು' ಎಂದರೆ ಕಿಟಕಿ ತೆರೆದಿದೆ ಎಂದಷ್ಟೇ. 'ಮದೊ ಗ ಅಕೆತೆ ಅರು' ಎಂದರೂ ತೆರೆದಿದೆ ಎಂದೇ, ಆದರೆ ಯಾರೋ ಒಂದು ಉದ್ದೇಶಕ್ಕಾಗಿ ತೆರೆದಿಟ್ಟಿದ್ದಾರೆ ಎಂಬುದು ಇಲ್ಲಿ ಸೇರಿದೆ: ಗಾಳಿಯಾಡಲೆಂದೋ, ಹೊಗೆ ಹೋಗಲೆಂದೋ. ಕ್ರಿಯಾಪದ ಸಕರ್ಮಕ, ಆದರೂ ಕಿಟಕಿಗೆ 'ಗ' ಸೇರಿದೆ, ತೆರೆದವರ ಹೆಸರಿಗೆ ವಾಕ್ಯದಲ್ಲಿ ಜಾಗವೇ ಇಲ್ಲ. ಕನ್ನಡದಲ್ಲಿ 'ತೆರೆದಿದೆ' ಮತ್ತು 'ತೆರೆದಿಟ್ಟಿದೆ' ಎಂಬ ರೂಪಗಳ ನಡುವಿನ ಅಂತರವನ್ನು ನೆನೆದರೆ ಇದು ಕೂಡಲೇ ಹೊಳೆಯುತ್ತದೆ. ಇದರ ಪರಿಣಾಮ ವ್ಯವಹಾರದಲ್ಲಿ ಕಾಣುತ್ತದೆ. ಕಚೇರಿಯಿಂದ ಕೊನೆಯಲ್ಲಿ ಹೊರಡುವವರು 'ಐತೆ ಇಮಸು' ಎಂಬ ಮಾತು ಕೇಳಿದರೆ ಎದ್ದು ಕಿಟಕಿ ಮುಚ್ಚುತ್ತಾರೆ. 'ಅಕೆತೆ ಅರಿಮಸು' ಎಂದು ಕೇಳಿದರೆ ಮುಚ್ಚುವ ಮುನ್ನ ಏಕೆ ತೆರೆದಿಟ್ಟಿದ್ದಾರೆ ಎಂದು ವಿಚಾರಿಸುತ್ತಾರೆ. ಇಲ್ಲಿ ನಮ್ಮ ವಿದ್ಯಾರ್ಥಿಗಳು ಮಾಡುವ ತಪ್ಪು ಮೂರನೆಯದು: 'ಮದೊ ಒ ಅಕೆತೆ ಇರು' ಎಂದುಬಿಡುತ್ತಾರೆ. ಅದು ಸಾಮಾನ್ಯವಾಗಿ, ಯಾರೋ ಈಗ ಕಿಟಕಿ ತೆರೆಯುತ್ತಿದ್ದಾರೆ ಅಥವಾ ತೆರೆದೇ ಇಟ್ಟುಕೊಂಡಿದ್ದಾರೆ ಎಂದು ಆ ವ್ಯಕ್ತಿಯ ಬಗ್ಗೆ ಹೇಳುವ ಮಾತಾಗುತ್ತದೆ, ಕಿಟಕಿಯ ಬಗ್ಗೆ ಅಲ್ಲ.

ಸಾಧ್ಯವಾಗದಿರುವುದನ್ನು ಹೇಳುವಾಗಲೂ ಅಕರ್ಮಕ ಮುಂದೆ ಬರುತ್ತದೆ. ಬೀಗ ತಿರುಗಿಸಿ ತಳ್ಳಿದರೂ ಬಾಗಿಲು ತೆರೆಯದಿದ್ದರೆ 'ದೊಆ ಗ ಅಕನೈ' ಎನ್ನುತ್ತಾರೆ, ನಾವೂ 'ಬಾಗಿಲು ತೆಗೀತಾ ಇಲ್ಲ' ಎನ್ನುವ ಹಾಗೆ. 'ಅಕೆರರೆನೈ' ಎಂಬ ಸಕರ್ಮಕದ ರೂಪವೂ ಇದೆ, ಆದರೆ ಅದು ತೆರೆಯಲಾರದವನ ಕಡೆಗೆ ಗಮನ ತಿರುಗಿಸುತ್ತದೆ: ಕೈಯಲ್ಲಿ ಸಾಮಾನು ತುಂಬಿದೆ, ಅಥವಾ ತೆರೆಯಲು ಅನುಮತಿಯಿಲ್ಲ. ತೊಡಕು ಬಾಗಿಲಿನಲ್ಲಿದ್ದರೆ ಅಕರ್ಮಕ, ತೊಡಕು ವ್ಯಕ್ತಿಯಲ್ಲಿದ್ದರೆ ಸಕರ್ಮಕ ಎಂದು ಇಟ್ಟುಕೊಂಡರೆ ಬಹುತೇಕ ಸರಿಯಾಗುತ್ತದೆ. ಎಷ್ಟು ಹುಡುಕಿದರೂ ಬೀಗದ ಕೈ ಸಿಗದಿದ್ದಾಗ 'ಕಗಿ ಗ ಮಿತ್ಸುಕರನೈ' ಎನ್ನುವುದೂ ಹೀಗೆಯೇ. ಹುಡುಕುವುದು ನಮ್ಮ ಕೆಲಸ, ಸಿಗುವುದು ಬೀಗದ ಕೈಗೆ ಬಿಟ್ಟದ್ದು.

ಕೊನೆಯದಾಗಿ, ಜೋಡಿಯ ಎರಡೂ ರೂಪಗಳು ಒಂದೇ ವಾಕ್ಯದಲ್ಲಿ ಎದುರುಬದುರಾಗುವ ಒಂದು ಬಗೆಯನ್ನು ಹೇಳಬೇಕು. 'ಒಕೊಶಿತ ಕೆದೊ, ಒಕಿನಕತ್ತ' ಎಂದರೆ 'ಎಬ್ಬಿಸಿದೆ, ಆದರೆ ಏಳಲಿಲ್ಲ'. ಕನ್ನಡದಲ್ಲೂ ಇದು ದಿನಾ ಬೆಳಿಗ್ಗೆ ಮನೆಮನೆಯಲ್ಲಿ ಕೇಳುವ ಮಾತೇ. ಎಬ್ಬಿಸಿದೆ ಎಂಬುದರಲ್ಲಿ ಪ್ರಯತ್ನ ಮಾತ್ರ ಖಚಿತ, ಎದ್ದದ್ದು ಖಚಿತವಲ್ಲ. 'ಮೊಯಶಿತ ಕೆರೆದೊ ಮೊಯೆನಕತ್ತ', ಅಂದರೆ 'ಉರಿಸಿದೆ, ಆದರೆ ಉರಿಯಲಿಲ್ಲ' ಎಂಬುದು ಇಕೆಗಮಿಯವರು ಚರ್ಚಿಸಿದ ಉದಾಹರಣೆ. ಒದ್ದೆ ಎಲೆಗಳಿಗೆ ಬೆಂಕಿ ಹಚ್ಚಿದವರು ಹೀಗೆ ಹೇಳಬಹುದೆಂದು ಅನೇಕ ಜಪಾನಿಯರು ಒಪ್ಪುತ್ತಾರೆ, ಕೆಲವರು ಹಿಂಜರಿಯುತ್ತಾರೆ. ಆದರೆ 'ವತ್ತ ಕೆದೊ ವರೆನಕತ್ತ', 'ಒಡೆದೆ, ಆದರೆ ಒಡೆಯಲಿಲ್ಲ' ಎಂದರೆ ಅವರು ಸಾಮಾನ್ಯವಾಗಿ ಒಪ್ಪುವುದಿಲ್ಲ. ಎಬ್ಬಿಸುವುದು, ಉರಿಸುವುದು ಸಮಯ ಹಿಡಿಯುವ ಕೆಲಸಗಳು. ಅವುಗಳ ಆರಂಭವನ್ನೂ ಆ ಹೆಸರಿನಿಂದ ಕರೆಯಬಹುದು. ಒಡೆಯುವುದಕ್ಕೆ ಅಂಥ ನಡುವಿನ ಹೊತ್ತಿಲ್ಲ. ಹೊಸದೊಂದು ಜೋಡಿಯನ್ನು ಕಲಿತಾಗ ಅದನ್ನು ಈ ಚೌಕಟ್ಟಿನಲ್ಲಿಟ್ಟು ನಿಮ್ಮ ಜಪಾನಿ ಗೆಳೆಯರನ್ನು ಒಮ್ಮೆ ಕೇಳಿ ನೋಡಿ. ಅವರು ಕೂಡಲೇ ಒಪ್ಪಿದರೋ, ನಕ್ಕರೋ, ಸ್ವಲ್ಪ ಯೋಚಿಸಿ 'ಸಂದರ್ಭವಿದ್ದರೆ ಹೇಳಬಹುದು' ಎಂದರೋ ಎಂಬುದರಿಂದ, ಆ ಸಕರ್ಮಕದ ಒಳಗೆ ಫಲಿತಾಂಶ ಎಷ್ಟರಮಟ್ಟಿಗೆ ಸೇರಿದೆ ಎಂಬುದು ತಿಳಿಯುತ್ತದೆ.